ಸಾಲು ಚಿಕ್ಕದಿರಲಿ, ಅಕ್ಷರ ದೊಡ್ಡದಿರಲಿ

‘ಮ್ಯೂಚುವಲ್ ಫಂಡ್ ಹೂಡಿಕೆಗಳು ಮಾರುಕಟ್ಟೆ ಅಪಾಯಗಳಿಗೆ...’ ಎಂದು ಯಾರಾದರೂ ಶುರು ಮಾಡಿದರೆ ಸಾಕು, ಉಳಿದದ್ದನ್ನು ನಮ್ಮ ತರಗತಿಯಲ್ಲಿ ಅರ್ಧ ಜನ ಉಸಿರು ಬಿಡದೆ ಮುಗಿಸುತ್ತಾರೆ. ಕ್ರಿಕೆಟ್ ಪಂದ್ಯದ ನಡುವೆ ಅಷ್ಟು ಸಲ ಕೇಳಿದ್ದೇವೆ. ಆದರೆ ‘ಹಾಗಂದ್ರೆ ಏನಾಗಬಹುದು?’ ಎಂದು ಕೇಳಿದರೆ ಒಬ್ಬರಿಂದಲೂ ನೇರ ಉತ್ತರ ಬರುವುದಿಲ್ಲ. ಎಚ್ಚರಿಕೆ ಎಂದು ಬರೆದ ಸಾಲು ಬಾಯಿಪಾಠವಾಗಿದೆ, ಎಚ್ಚರಿಕೆಯಾಗಿ ಉಳಿದಿಲ್ಲ.

ನಾನು ಜಿಲ್ಲಾ ಕೇಂದ್ರದ ಕಾಲೇಜೊಂದರಲ್ಲಿ ಎಂ.ಕಾಂ. ಓದುತ್ತಿದ್ದೇನೆ. ಪ್ರತಿ ಅಕ್ಟೋಬರ್‌ನಲ್ಲಿ ನಡೆಯುವ ವಿಶ್ವ ಹೂಡಿಕೆದಾರರ ಸಪ್ತಾಹಕ್ಕೆ ಕನ್ನಡದಲ್ಲಿ ಪೋಸ್ಟರ್ ಬರೆಯುವ ಕೆಲಸ ನಮ್ಮ ವಾಣಿಜ್ಯ ಸಂಘದಲ್ಲಿ ನನ್ನ ಪಾಲಿಗೆ ಬಂದಿತ್ತು. ಒಂದು ಚಿತ್ರ, ಅದರ ಕೆಳಗೆ ನಾಲ್ಕು ಸಾಲು, ಅಷ್ಟೇ. ಆ ನಾಲ್ಕು ಸಾಲಿನಲ್ಲಿ ಅಪಾಯದ ಮಾತನ್ನು ಎಲ್ಲಿಡಬೇಕು, ಎಷ್ಟು ದೊಡ್ಡದಾಗಿ, ಯಾವ ಭಾಷೆಯಲ್ಲಿ ಎಂದು ಹುಡುಕಲು ಹೊರಟಾಗ, ಇದು ಬರೀ ವಿನ್ಯಾಸದ ಪ್ರಶ್ನೆಯಲ್ಲ, ಕಾನೂನಿನ ಪ್ರಶ್ನೆಯೂ ಹೌದು ಎಂದು ಗೊತ್ತಾಯಿತು.

ಮೊದಲು ನಿಯಮ ನೋಡೋಣ. ಫಂಡ್ ಕಂಪನಿಗಳ ಜಾಹೀರಾತಿಗೆ ಸೆಬಿ ಒಂದು ನೀತಿಸಂಹಿತೆ ಮಾಡಿದೆ. ಅದರ ಪ್ರಕಾರ ಎಚ್ಚರಿಕೆಯ ವಾಕ್ಯ ಇಂಗ್ಲಿಷಿನಲ್ಲಿ 14 ಪದಗಳದು. ಅದಕ್ಕೆ ಒಂದು ಪದ ಸೇರಿಸುವಂತಿಲ್ಲ, ಒಂದು ಪದ ತೆಗೆಯುವಂತಿಲ್ಲ. ಟಿ.ವಿ. ಜಾಹೀರಾತಿನಲ್ಲಿ ಅದು ತೆರೆಯ ಮೇಲೂ ಕಾಣಬೇಕು, ಕಿವಿಗೂ ಕೇಳಬೇಕು. 14 ಪದಗಳು ಕನಿಷ್ಠ 5 ಸೆಕೆಂಡ್ ಇದ್ದರೆ ಸ್ಪಷ್ಟವಾಗಿದೆ ಎಂದು ಪರಿಗಣಿಸಬಹುದು ಎಂಬ ಉದಾಹರಣೆಯನ್ನೂ ಸೆಬಿಯೇ ಕೊಟ್ಟಿದೆ.

ಇಂಗ್ಲಿಷಿಗೆ ಈ ಲೆಕ್ಕ ಸರಿಹೋಗುತ್ತದೆ. ಆ 14 ಪದಗಳನ್ನು ಬಿಡಿಸಿ ಹೇಳಿದರೆ ಸುಮಾರು 26 ಉಚ್ಚಾರಗಳು, ಸೆಕೆಂಡಿಗೆ ಐದು. ಮಾಮೂಲಿ ಮಾತಿನ ವೇಗ ಅದು. ಈಗ ಕನ್ನಡಕ್ಕೆ ಬನ್ನಿ: ‘ಮ್ಯೂಚುವಲ್ ಫಂಡ್ ಹೂಡಿಕೆಗಳು ಮಾರುಕಟ್ಟೆ ಅಪಾಯಗಳಿಗೆ ಒಳಪಟ್ಟಿವೆ. ಯೋಜನೆಗೆ ಸಂಬಂಧಿಸಿದ ಎಲ್ಲ ದಾಖಲೆಗಳನ್ನು ಎಚ್ಚರಿಕೆಯಿಂದ ಓದಿ.’ ಎಣಿಸಿದರೆ 12 ಪದಗಳೇ, ಇಂಗ್ಲಿಷಿಗಿಂತ ಎರಡು ಕಡಿಮೆ. ಆದರೆ ನಮ್ಮ ಪದಗಳಿಗೆ ಪ್ರತ್ಯಯಗಳು ಅಂಟಿಕೊಳ್ಳುತ್ತವೆ. ಬಿಡಿಸಿ ಹೇಳಿದರೆ ಸುಮಾರು 50 ಅಕ್ಷರಗಳಾಗುತ್ತವೆ. ಅದನ್ನು 5 ಸೆಕೆಂಡಿಗೆ ತುರುಕಿದರೆ ಸೆಕೆಂಡಿಗೆ ಹತ್ತು ಅಕ್ಷರ! ಯಕ್ಷಗಾನದ ಭಾಗವತರಿಗೂ ಉಸಿರು ಕಟ್ಟೀತು. ಫೋನಿನ ಸ್ಟಾಪ್‌ವಾಚ್ ಹಿಡಿದು, ಪಕ್ಕದವರಿಗೆ ಹೇಳುವ ಹಾಗೆ ನಾನು ಓದಿದಾಗ ಏಳೆಂಟು ಸೆಕೆಂಡ್ ಬೇಕಾಯಿತು.

ಅಂದರೆ ಪದಗಳ ಲೆಕ್ಕದಲ್ಲಿ ಸಮಯ ಕೊಟ್ಟರೆ ಕನ್ನಡದ ಕೇಳುಗರಿಗೆ ಅರಿವಿಲ್ಲದೆಯೇ ನಷ್ಟವಾಗುತ್ತದೆ. 5 ಸೆಕೆಂಡ್ ಎಂಬುದು ಕನಿಷ್ಠ ಮಿತಿಯೇ ಹೊರತು ಗರಿಷ್ಠವಲ್ಲ. ಕನ್ನಡದಲ್ಲಿ ಎಂಟು ಸೆಕೆಂಡ್ ಕೊಡುವುದಕ್ಕೆ ಯಾವ ನಿಯಮದ ಅಡ್ಡಿಯೂ ಇಲ್ಲ. ಅಡ್ಡಿ ಇರುವುದು ಜಾಹೀರಾತಿನ ಸಮಯಕ್ಕೆ ತೆರಬೇಕಾದ ದುಡ್ಡಿನಲ್ಲಿ.

ಇದರ ಜೊತೆಗೆ ಎಲ್ಲ ಸರಕು, ಸೇವೆಗಳಿಗೂ ಅನ್ವಯಿಸುವ ಇನ್ನೊಂದು ನಿಯಮವಿದೆ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜೂನ್‌ನಲ್ಲಿ ತಪ್ಪುದಾರಿಗೆಳೆಯುವ ಜಾಹೀರಾತುಗಳ ವಿರುದ್ಧ ಮಾರ್ಗಸೂಚಿ ಹೊರಡಿಸಿತು. ಷರತ್ತು, ಎಚ್ಚರಿಕೆಯಂಥ ಅಡಿಟಿಪ್ಪಣಿಗಳ ಬಗ್ಗೆ ಅದರಲ್ಲಿ ಪ್ರತ್ಯೇಕ ಭಾಗವೇ ಇದೆ. ಅದು ಹೇಳುವುದು ಇಷ್ಟು: ಜಾಹೀರಾತಿನ ಮುಖ್ಯ ಮಾತು ಯಾವ ಭಾಷೆಯಲ್ಲಿದೆಯೋ ಅಡಿಟಿಪ್ಪಣಿಯೂ ಅದೇ ಭಾಷೆಯಲ್ಲಿರಬೇಕು. ಮುಖ್ಯ ಮಾತಿಗೆ ಬಳಸಿದ ಅಕ್ಷರವೇ ಇದಕ್ಕೂ ಇರಬೇಕು. ಎದ್ದು ಕಾಣುವ ಜಾಗದಲ್ಲಿರಬೇಕು. ದನಿಯಲ್ಲಿ ಹೇಳಿದ ಮಾತಾದರೆ ಅದೇ ವೇಗದಲ್ಲಿ ಬರಬೇಕು. ಇನ್ನೂ ಮುಖ್ಯವಾದದ್ದು, ಮುಖ್ಯ ಮಾತು ತಪ್ಪಾಗಿದ್ದರೆ ಅಡಿಟಿಪ್ಪಣಿ ಹಾಕಿ ಅದನ್ನು ಸರಿಪಡಿಸಿದೆವು ಎನ್ನುವಂತಿಲ್ಲ.

ಈ ಅಳತೆಗೋಲು ಹಿಡಿದು ನಿಮ್ಮೂರಿನ ಬಸ್ ನಿಲ್ದಾಣದ ಫಲಕಗಳನ್ನು, ವಾಟ್ಸ್‌ಆ್ಯಪ್ ಗುಂಪಿಗೆ ಬರುವ ಚಿತ್ರಗಳನ್ನು ಒಮ್ಮೆ ನೋಡಿ. ‘ಇಂದೇ ಶುರು ಮಾಡಿ’ ಕನ್ನಡದಲ್ಲಿರುತ್ತದೆ, ಎಚ್ಚರಿಕೆ ಇಂಗ್ಲಿಷಿನಲ್ಲಿರುತ್ತದೆ. ಆಸೆ ಹುಟ್ಟಿಸುವುದಕ್ಕೆ ಮನೆಮಾತು, ಹುಷಾರು ಹೇಳುವುದಕ್ಕೆ ಪರಮಾತು!

ಈಗ ನಮ್ಮ ಪೋಸ್ಟರಿನ ಕಥೆಗೆ ಬರುತ್ತೇನೆ. ಸಂಘದ ಗೆಳೆಯರು ತಂದ ಮೊದಲ ಕರಡಿನಲ್ಲಿ ದೊಡ್ಡ ಅಕ್ಷರದಲ್ಲಿ ‘ತಿಂಗಳಿಗೆ 500 ರೂಪಾಯಿ ಉಳಿಸಿ, ಕೋಟ್ಯಧಿಪತಿಯಾಗಿ!’ ಎಂದಿತ್ತು. ಕೆಳ ಅಂಚಿನಲ್ಲಿ 9 ಪಾಯಿಂಟ್ ಅಕ್ಷರದಲ್ಲಿ ಇಂಗ್ಲಿಷ್ ಎಚ್ಚರಿಕೆ. ಮೊದಲು ಕ್ಯಾಲ್ಕುಲೇಟರ್ ತೆಗೆದೆವು. ವರ್ಷಕ್ಕೆ ಶೇ 12ರಂತೆ, ಅಂದರೆ ತಿಂಗಳಿಗೆ ಶೇ 1ರಂತೆ, ಒಂದು ತಿಂಗಳೂ ತಪ್ಪದೆ ಹಣ ಬೆಳೆಯಿತು ಎಂದೇ ಇಟ್ಟುಕೊಳ್ಳೋಣ. ಹಾಗೆ ಬೆಳೆಯುತ್ತದೆ ಎಂಬ ಖಾತರಿ ಏನೂ ಇಲ್ಲ, ಇದು ಲೆಕ್ಕಕ್ಕೆ ಮಾತ್ರ. ಆಗಲೂ ತಿಂಗಳಿಗೆ 500 ರೂಪಾಯಿ 30 ವರ್ಷಕ್ಕೆ ಸುಮಾರು 17.6 ಲಕ್ಷವಾಗುತ್ತದೆ. ಕೋಟಿಯ ಹತ್ತಿರಕ್ಕೂ ಬರುವುದಿಲ್ಲ. ಕೆಳಗೆ ಎಂಥ ಎಚ್ಚರಿಕೆ ಹಾಕಿದರೂ ಈ ಶೀರ್ಷಿಕೆ ಉಳಿಯುವಂತಿರಲಿಲ್ಲ. ಇಲ್ಲಿಂದಲೇ ಮೊದಲ ಪಾಠ: ಎಚ್ಚರಿಕೆಯನ್ನು ಬಚ್ಚಿಡಬೇಕು ಅನ್ನಿಸಿದರೆ, ತೊಂದರೆ ಸಾಮಾನ್ಯವಾಗಿ ಶೀರ್ಷಿಕೆಯಲ್ಲಿರುತ್ತದೆ. ಶೀರ್ಷಿಕೆ ಪ್ರಾಮಾಣಿಕವಾಗಿದ್ದರೆ ಎಚ್ಚರಿಕೆ ಅದರ ಪಕ್ಕದಲ್ಲೇ ನೆಮ್ಮದಿಯಾಗಿ ಕೂರುತ್ತದೆ.

ಎರಡನೆಯದು ಅಕ್ಷರದ ಗಾತ್ರ. 9 ಪಾಯಿಂಟ್ ಎಂದರೆ ಸುಮಾರು 3 ಮಿಲಿಮೀಟರ್. ಕೈಯಲ್ಲಿ ಹಿಡಿದ ಪುಸ್ತಕಕ್ಕೆ ಪರವಾಗಿಲ್ಲ. ಗೋಡೆಗೆ ಅಂಟಿಸಿದ ಪೋಸ್ಟರಿಗೆ ಸಾಲದು. ಅದೇ ಪೋಸ್ಟರನ್ನು ಫೋನಿಗೆ ಕಳಿಸಿದರೆ ಗತಿ ಇನ್ನೂ ಕೆಟ್ಟದು. ಎ-3 ಹಾಳೆಯ ಅಗಲ 297 ಮಿಲಿಮೀಟರ್. ಫೋನಿನ ಪರದೆಯ ಅಗಲ 65–70 ಮಿಲಿಮೀಟರ್. ಚಿತ್ರ ನಾಲ್ಕು ಪಟ್ಟಿಗಿಂತ ಹೆಚ್ಚು ಕುಗ್ಗುತ್ತದೆ. 3 ಮಿಲಿಮೀಟರಿನ ಅಕ್ಷರ ಅಲ್ಲಿ ಮುಕ್ಕಾಲು ಮಿಲಿಮೀಟರೂ ಉಳಿಯುವುದಿಲ್ಲ.

ಕನ್ನಡಕ್ಕೆ ಇನ್ನೊಂದು ಕಷ್ಟವೂ ಇದೆ. ನಮ್ಮ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ. ‘ಮಾರುಕಟ್ಟೆ’, ‘ಒಳಪಟ್ಟಿವೆ’, ‘ಎಲ್ಲ’, ‘ದಾಖಲೆಗಳನ್ನು’, ‘ಎಚ್ಚರಿಕೆ’ – ಈ ಒಂದು ಸಾಲಿನಲ್ಲೇ ಎಷ್ಟೊಂದು ಒತ್ತುಗಳು! ಅಕ್ಷರ ಚಿಕ್ಕದಾದಾಗ ಮೊದಲು ಮಸುಕಾಗುವುದೇ ಈ ಒತ್ತುಗಳು. ಸಾಲುಗಳ ನಡುವೆ ಜಾಗ ಬಿಡದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಣಿತದ ಮೇಲೆ ಕೂರುತ್ತದೆ. ಹಾಗಾಗಿ ಇಂಗ್ಲಿಷಿಗೆ ಸಾಕಾಗುವ ಗಾತ್ರ ಕನ್ನಡಕ್ಕೆ ಸಾಕು ಎಂದುಕೊಳ್ಳುವಂತಿಲ್ಲ. ನಾವು ಎಚ್ಚರಿಕೆಯ ಸಾಲನ್ನು ನಡುಭಾಗದ ವಿವರಣೆಯ ಅಕ್ಷರದಷ್ಟೇ ದೊಡ್ಡದು ಮಾಡಿದೆವು. ಬಿಳಿ ಹಿನ್ನೆಲೆಯ ಮೇಲೆ ಬೂದು ಬಣ್ಣ ಬೇಡ, ಕಪ್ಪೇ ಇರಲಿ ಎಂದೆವು.

ಮೂರನೆಯದು, ಮತ್ತು ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದದ್ದು, ಅರ್ಥ. ಕರಡು ನೋಡಿದ ಬಿ.ಕಾಂ. ಹುಡುಗಿಯೊಬ್ಬಳು ಕೇಳಿದಳು: ‘ಅಕ್ಕಾ, ಅಪಾಯ ಅಂದ್ರೆ ಕಂಪನಿಯವ್ರು ದುಡ್ಡು ತಗೊಂಡು ಓಡಿ ಹೋಗೋದಾ?’ ಅವಳ ಪ್ರಶ್ನೆ ಸಹಜ. ಚೀಟಿ ವ್ಯವಹಾರದಲ್ಲಿ ದುಡ್ಡು ಕಳೆದುಕೊಂಡವರ ಕಥೆ ಯಾವ ಊರಿನಲ್ಲಿಲ್ಲ? ಆದರೆ ಈ ಎಚ್ಚರಿಕೆ ಹೇಳುತ್ತಿರುವುದು ಅದನ್ನಲ್ಲ. ಮ್ಯೂಚುವಲ್ ಫಂಡಿನಲ್ಲಿ ಹೂಡಿಕೆದಾರರ ಹಣದಿಂದ ಕೊಂಡ ಷೇರು, ಬಾಂಡ್‌ಗಳು ಟ್ರಸ್ಟಿನ ಹೆಸರಿನಲ್ಲಿ, ಪ್ರತ್ಯೇಕ ಪಾಲಕ ಸಂಸ್ಥೆಯ ಬಳಿ ಇರುತ್ತವೆ. ಇಲ್ಲಿಯ ಅಪಾಯವೆಂದರೆ, ಎಲ್ಲವೂ ಕಾನೂನುಬದ್ಧವಾಗಿ ನಡೆದರೂ ಅವುಗಳ ಬೆಲೆ ಇಳಿಯಬಹುದು ಎಂಬುದು.

ಎಷ್ಟು ಇಳಿಯಬಹುದು? 2020ನ್ನೇ ನೋಡಿ. ಜನವರಿ ಮಧ್ಯದಲ್ಲಿ ನಿಫ್ಟಿ ಸೂಚ್ಯಂಕ ಸುಮಾರು 12,360ರಲ್ಲಿತ್ತು. ಕೋವಿಡ್ ಭಯಕ್ಕೆ ಮಾರ್ಚ್ 23ರಂದು ಸುಮಾರು 7,610ಕ್ಕೆ ಇಳಿಯಿತು. ನಿಫ್ಟಿಯಂತೆಯೇ ಏರಿಳಿಯುವ ಫಂಡ್ ಒಂದಕ್ಕೆ ಜನವರಿಯಲ್ಲಿ 10,000 ರೂಪಾಯಿ ಹಾಕಿದವರ ಹಣ ಹತ್ತೇ ವಾರಗಳಲ್ಲಿ ಸುಮಾರು 6,150 ಆಯಿತು. ನವೆಂಬರ್ ಹೊತ್ತಿಗೆ ಸೂಚ್ಯಂಕ ಹಳೆಯ ಮಟ್ಟಕ್ಕೆ ಮರಳಿತು, ನಿಜ. ಆದರೆ ಆ ಹಣ ಏಪ್ರಿಲ್‌ನಲ್ಲಿ ಕಟ್ಟಬೇಕಿದ್ದ ಕಾಲೇಜು ಶುಲ್ಕದ್ದಾಗಿದ್ದರೆ ನವೆಂಬರಿನ ಸುದ್ದಿಯಿಂದ ಏನು ಪ್ರಯೋಜನ? ‘ಮಾರುಕಟ್ಟೆ ಅಪಾಯ’ ಎಂಬ ಎರಡು ಪದಗಳ ಒಳಗೆ ಇದೆಲ್ಲ ಅಡಗಿದೆ. ಬಿಡಿಸಿ ಹೇಳದೆ ಹೊಸಬರಿಗೆ ಕಾಣುವುದಿಲ್ಲ.

ಇನ್ನೊಂದು ಬಗೆಯ ಅಪಾಯ ಅದೇ ವರ್ಷದ ಏಪ್ರಿಲ್ 23ರಂದು ಎದುರಾಯಿತು. ಫ್ರಾಂಕ್ಲಿನ್ ಟೆಂಪಲ್ಟನ್ ಮ್ಯೂಚುವಲ್ ಫಂಡ್ ತನ್ನ ಆರು ಸಾಲಪತ್ರ ಯೋಜನೆಗಳನ್ನು ಮುಚ್ಚುವುದಾಗಿ ಪ್ರಕಟಿಸಿತು. ಸುಮಾರು 3 ಲಕ್ಷ ಹೂಡಿಕೆದಾರರ ಸುಮಾರು 25,000 ಕೋಟಿ ರೂಪಾಯಿ ಅವುಗಳಲ್ಲಿತ್ತು. ಅವು ಷೇರು ಫಂಡುಗಳಲ್ಲ. ಬ್ಯಾಂಕ್ ಠೇವಣಿಗಿಂತ ಸ್ವಲ್ಪ ಹೆಚ್ಚು ಸಿಕ್ಕೀತು ಎಂದು ಅನೇಕರು ನೆಚ್ಚಿಕೊಳ್ಳುವ ಬಗೆಯವು. ಆದರೆ ಅವುಗಳಲ್ಲಿ ಕಡಿಮೆ ರೇಟಿಂಗ್‌ನ ಸಾಲಪತ್ರಗಳು ಹೆಚ್ಚಿದ್ದವು. ಲಾಕ್‌ಡೌನ್ ಹೊತ್ತಿನಲ್ಲಿ ಜನ ಹಣ ವಾಪಸ್ ಕೇಳತೊಡಗಿದಾಗ ಆ ಪತ್ರಗಳನ್ನು ಕೊಳ್ಳುವವರೇ ಇರಲಿಲ್ಲ. ಮುಂದಿನ ವರ್ಷಗಳಲ್ಲಿ ಪತ್ರಗಳು ಮಾರಾಟವಾದಂತೆ ಹಣ ಕಂತು ಕಂತಾಗಿ ಮರಳಿತು. ಅಲ್ಲಿ ಹೂಡಿಕೆದಾರರಿಗೆ ದೊಡ್ಡ ಪೆಟ್ಟಾಗಿದ್ದು, ಬೇಕಾದ ದಿನ ಹಣ ಕೈಗೆ ಸಿಗದೇ ಹೋದದ್ದು. ಪ್ರತಿ ಜಾಹೀರಾತಿನಲ್ಲೂ ಅದೇ ಎಚ್ಚರಿಕೆಯ ಸಾಲು ಇದ್ದೇ ಇರುತ್ತದೆ. ಆದರೆ ‘ಅಗತ್ಯ ಬಿದ್ದಾಗ ಹಣ ಸಿಗದೇ ಹೋಗಬಹುದು’ ಎಂಬ ಅರ್ಥ ಅದರಿಂದ ಎಷ್ಟು ಜನರಿಗೆ ಹೊಳೆದೀತು?

ಹಾಗಾದರೆ ಸೆಬಿ ಕೊಟ್ಟ ಸಾಲನ್ನೇ ಬದಲಿಸಿ ಸರಳ ಮಾಡಬಹುದೇ? ಕಂಪನಿ, ವಿತರಕರಿಗೆ ಅದು ಸಾಧ್ಯವಿಲ್ಲ, ಪದ ಮುಟ್ಟುವಂತಿಲ್ಲ. ಯೋಜನೆಯ ಹೆಸರೇ ಇಲ್ಲದ, ಏನನ್ನೂ ಮಾರದ ನಮ್ಮ ವಿದ್ಯಾರ್ಥಿ ಪೋಸ್ಟರಿಗೆ ಆ ಕಟ್ಟುಪಾಡು ಇಲ್ಲದಿದ್ದರೂ ಆ ಸಾಲನ್ನು ಹಾಗೆಯೇ ಇಟ್ಟುಕೊಂಡೆವು. ಎಲ್ಲ ಕಡೆಯೂ ಒಂದೇ ಸಾಲು ಕಂಡರೆ ಜನ ಅದನ್ನು ಗುರುತಿಸುತ್ತಾರೆ. ಆದರೆ ಅದರ ಮೇಲೆ ನಮ್ಮದೇ ಆದ ಒಂದು ಸರಳ ಸಾಲು ಹಾಕಲು ಯಾರ ಅಪ್ಪಣೆಯೂ ಬೇಕಿಲ್ಲ. ಕೊನೆಗೆ ಪೋಸ್ಟರ್ ಹೀಗಾಯಿತು:

‘ತಿಂಗಳಿಗೆ 500 ರೂಪಾಯಿಯಿಂದಲೂ ಮ್ಯೂಚುವಲ್ ಫಂಡ್ ಎಸ್‌ಐಪಿ ಶುರು ಮಾಡಬಹುದು.

ಹಾಕಿದ ಹಣ ಹೆಚ್ಚಬಹುದು, ಕಡಿಮೆಯೂ ಆಗಬಹುದು. ಇಷ್ಟೇ ಸಿಗುತ್ತದೆ ಎಂಬ ಖಾತರಿ ಇಲ್ಲ.

ಹಣ ಹಾಕುವ ಮೊದಲು ಆ ಯೋಜನೆಯ ರಿಸ್ಕೋಮೀಟರ್ ಮುಳ್ಳು ಎಲ್ಲಿದೆ ನೋಡಿ.

ಮ್ಯೂಚುವಲ್ ಫಂಡ್ ಹೂಡಿಕೆಗಳು ಮಾರುಕಟ್ಟೆ ಅಪಾಯಗಳಿಗೆ ಒಳಪಟ್ಟಿವೆ. ಯೋಜನೆಗೆ ಸಂಬಂಧಿಸಿದ ಎಲ್ಲ ದಾಖಲೆಗಳನ್ನು ಎಚ್ಚರಿಕೆಯಿಂದ ಓದಿ.’

ಮೂರನೇ ಸಾಲು ಸೇರಿಸಿದ್ದಕ್ಕೆ ಕಾರಣವಿದೆ. ‘ಎಲ್ಲ ದಾಖಲೆ ಓದಿ’ ಎಂದರೆ ಹೊಸಬರು ಯಾವುದನ್ನೂ ಓದುವುದಿಲ್ಲ. ಒಂದು ಯೋಜನೆಯ ಮಾಹಿತಿ ದಾಖಲೆಯೇ ಹತ್ತಾರು ಪುಟಗಳಿರುತ್ತದೆ. ಅದರ ಬದಲು ‘ಮೊದಲು ಇದೊಂದನ್ನು ನೋಡಿ’ ಎಂದರೆ ನೋಡುತ್ತಾರೆ. ರಿಸ್ಕೋಮೀಟರ್ ಎಂದರೆ ಬೈಕಿನ ವೇಗದ ಮೀಟರಿನಂಥ ಅರ್ಧವೃತ್ತದ ಚಿತ್ರ. ‘ಕಡಿಮೆ’ಯಿಂದ ‘ಅತಿ ಹೆಚ್ಚು’ ತನಕ ಅದರಲ್ಲಿ ಆರು ಹಂತಗಳಿವೆ. 2015ರಲ್ಲಿ ಬಂದಾಗ ಐದೇ ಹಂತಗಳಿದ್ದವು. ಆರನೆಯದು ಸೇರಿದ್ದು 2021ರ ಜನವರಿಯಿಂದ. ಆಗಿನಿಂದ ಫಂಡಿನೊಳಗೆ ನಿಜವಾಗಿ ಇರುವ ಷೇರು, ಸಾಲಪತ್ರಗಳನ್ನು ಆಧರಿಸಿ ಪ್ರತಿ ತಿಂಗಳೂ ಹಂತವನ್ನು ಲೆಕ್ಕ ಹಾಕಬೇಕು. ಅರ್ಜಿ ನಮೂನೆಯ ಮೊದಲ ಪುಟದಲ್ಲೇ ಈ ಚಿತ್ರ ಇರಬೇಕು.

ಇದಕ್ಕೂ ಮಿತಿಯಿದೆ. ಷೇರುಗಳಲ್ಲಿ ಹಣ ಹಾಕುವ ಫಂಡುಗಳ ಮುಳ್ಳು ಹೆಚ್ಚುಕಡಿಮೆ ಎಲ್ಲವೂ ‘ಅತಿ ಹೆಚ್ಚು’ ಎಂಬಲ್ಲೇ ನಿಂತಿರುತ್ತದೆ. ಹಾಗಾಗಿ ಎರಡು ಷೇರು ಫಂಡುಗಳಲ್ಲಿ ಯಾವುದು ಹೆಚ್ಚು ಏರಿಳಿಯುತ್ತದೆ ಎಂದು ಅದು ಹೇಳಲಾರದು. ಆದರೆ ‘ಠೇವಣಿ ಥರಾನೇ, ಏನೂ ಆಗಲ್ಲ’ ಎಂದು ಯಾರಾದರೂ ಹೇಳಿದ್ದು ನಿಜವೋ ಸುಳ್ಳೋ ಎಂದು ಅರ್ಧ ನಿಮಿಷದಲ್ಲಿ ತೋರಿಸುತ್ತದೆ. ಮೊದಲ ಸಲ ಹಣ ಹಾಕುವವರಿಗೆ ಅಷ್ಟಾದರೂ ಬೇಕು.

ವಿಮೆಯ ವಿಷಯದಲ್ಲಿ ಎಚ್ಚರಿಕೆಯ ಸಾಲು ಬೇರೆ, ಬಚ್ಚಿಡುವ ಜಾಗ ಬೇರೆ. ಯುಲಿಪ್ ಪಾಲಿಸಿಯಲ್ಲಿ ಹೂಡಿಕೆಯ ಅಪಾಯವನ್ನು ಹೊರುವವರು ಪಾಲಿಸಿದಾರರೇ. ಮೊದಲ ಐದು ವರ್ಷ ಆ ಹಣವನ್ನು ಹಿಂದೆ ಪಡೆಯುವಂತಿಲ್ಲ. ಈ ಎರಡನ್ನೂ ಹೇಳಲೇಬೇಕು. ಯುಲಿಪ್ ಅನ್ನು ‘ಹೂಡಿಕೆ ಉತ್ಪನ್ನ’ ಎಂದು ಜಾಹೀರಾತು ಮಾಡಬಾರದು ಎಂದು ವಿಮಾ ನಿಯಂತ್ರಣ ಪ್ರಾಧಿಕಾರ 2024ರಲ್ಲಿ ಸ್ಪಷ್ಟವಾಗಿಯೇ ಹೇಳಿದೆ. ಆದರೂ ಕೆಲಸಕ್ಕೆ ಸೇರಿದ ಹೊಸದರಲ್ಲಿ ಫೋನ್ ಮಾಡುವವರು ಮೊದಲು ಹೇಳುವುದು ತೆರಿಗೆ ಉಳಿತಾಯ, ಆಮೇಲೆ ಲಾಭ. ಐದು ವರ್ಷದ ಬೀಗದ ಮಾತು ಬರುವುದು ಸಹಿ ಹಾಕಿದ ಮೇಲೆ. ಯುಲಿಪ್ ಬಗ್ಗೆ ಜಾಗೃತಿ ಪೋಸ್ಟರ್ ಬರೆಯುವುದಾದರೆ ‘ಐದು ವರ್ಷ ಈ ಹಣ ಕೈಗೆ ಸಿಗದು, ಏರಿಳಿತದ ನಷ್ಟ ನಿಮ್ಮದೇ’ ಎಂಬ ಒಂದು ಸಾಲು ಶೀರ್ಷಿಕೆಯ ಕೆಳಗೇ ಬರಬೇಕು ಎಂಬುದು ನನ್ನ ಅಭಿಪ್ರಾಯ. ಅಂದಹಾಗೆ, ಪಾಲಿಸಿ ಕೈಸೇರಿದ ದಿನದಿಂದ 30 ದಿನಗಳೊಳಗೆ ಬೇಡವೆಂದು ಹಿಂದಿರುಗಿಸುವ ಅವಕಾಶ ಇದೆ. ಅದನ್ನೂ ಯಾರೂ ದೊಡ್ಡದಾಗಿ ಬರೆಯುವುದಿಲ್ಲ.

ಈ ಮಾತು ನಮ್ಮ ವಯಸ್ಸಿನವರಿಗೆ ಎರಡು ಕಡೆಯಿಂದ ತಟ್ಟುತ್ತದೆ. ಮೊದಲ ಸಂಬಳದಲ್ಲಿ ಹಣ ಹಾಕುವವರು ನಾವೇ. ಬ್ಯಾಂಕಿನ ಮಾರಾಟ ವಿಭಾಗ, ವಿಮಾ ಏಜೆನ್ಸಿ, ಫಂಡ್ ವಿತರಣೆ ಎಂದು ಕೆಲಸ ಹುಡುಕಿ, ಆ ಪೋಸ್ಟರುಗಳನ್ನು ಬರೆದು ಹಂಚುವವರೂ ನಾವೇ. ಜೊತೆಗೆ ಈಗ ಯಾರು ಬೇಕಾದರೂ ಮೊಬೈಲ್‌ನಲ್ಲಿ ಹಣಕಾಸಿನ ಪಾಠ ಹೇಳಬಹುದು. ನೋಂದಣಿ ಇಲ್ಲದೆ ಹೂಡಿಕೆ ಸಲಹೆ ಕೊಡುವವರ ಜೊತೆ, ಇಷ್ಟು ಲಾಭ ಬರುತ್ತದೆ ಎಂದು ಹೇಳುವವರ ಜೊತೆ ತನ್ನ ಅಧೀನದ ಸಂಸ್ಥೆಗಳು ವ್ಯವಹರಿಸಬಾರದೆಂದು ಸೆಬಿ 2024ರಲ್ಲಿ ನಿಯಮ ತಂದಿತು. ತಿಳಿವಳಿಕೆ ಕೊಡುವುದಕ್ಕೆ ಅಡ್ಡಿಯಿಲ್ಲ. ಹಾಗಾಗಿ ‘ಇದು ತಿಳಿವಳಿಕೆ ಮಾತ್ರ’ ಎನ್ನುತ್ತ ಆಸೆ ಹುಟ್ಟಿಸುವ ಸಾಲು ಮೇಲಿಟ್ಟು, ಎಚ್ಚರಿಕೆಯನ್ನು ಒತ್ತಿದರೆ ಮಾತ್ರ ತೆರೆದುಕೊಳ್ಳುವ ಭಾಗಕ್ಕೆ ತಳ್ಳುವವರು ಸಾಕಷ್ಟಿದ್ದಾರೆ. ಫೋನಿನಲ್ಲಿ ಚಿತ್ರದ ಕೆಳಗೆ ಮೊದಲ ಒಂದೆರಡು ಸಾಲುಗಳು ಮಾತ್ರ ಕಾಣುತ್ತವೆ. ಏಳನೇ ಸಾಲಿನಲ್ಲಿ, ಹತ್ತಾರು ಹ್ಯಾಷ್‌ಟ್ಯಾಗ್‌ಗಳ ಹಿಂದೆ ಇರುವ ಎಚ್ಚರಿಕೆ ಇದ್ದೂ ಇಲ್ಲದಂತೆ.

ನೀವೇ ಇಂಥದ್ದೊಂದನ್ನು ಬರೆಯುವ ದಿನ ಬಂದರೆ, ನಾವು ಮಾಡಿದ ಮೂರು ಪರೀಕ್ಷೆಗಳನ್ನು ಮಾಡಿ ನೋಡಿ. ಮೊದಲು ಎಚ್ಚರಿಕೆಯ ಸಾಲನ್ನು ಶೀರ್ಷಿಕೆ ಓದಿದ ವೇಗದಲ್ಲೇ ಗಟ್ಟಿಯಾಗಿ ಓದಿ. ಅವಸರ ಮಾಡಬೇಕಾಗಿ ಬಂದರೆ ಸಮಯ ಸಾಲದು. ಆಮೇಲೆ ಚಿತ್ರವನ್ನು ನಿಮ್ಮದೇ ಫೋನಿಗೆ ಕಳಿಸಿ, ಹಿಗ್ಗಿಸದೆ, ಕೈಯಳತೆಯ ದೂರದಲ್ಲಿ ಹಿಡಿಯಿರಿ. ‘ಎಚ್ಚರಿಕೆ’ಯ ಚ-ಒತ್ತು ಕಾಣದಿದ್ದರೆ ಅಕ್ಷರ ಸಾಲದು. ಕೊನೆಗೆ ವಾಣಿಜ್ಯ ಓದದ ಗೆಳೆಯರಿಗೋ ಮನೆಯವರಿಗೋ ತೋರಿಸಿ, ‘ಇದರಲ್ಲಿ ಕೆಟ್ಟದ್ದು ಏನಾಗಬಹುದು ಅಂತ ಬರೆದಿದೆ?’ ಎಂದು ಕೇಳಿ. ‘ಹಾಕಿದ್ದಕ್ಕಿಂತ ಕಡಿಮೆ ಬರಬಹುದು’ ಎಂಬ ಉತ್ತರ ಬಂದರೆ ನಿಮ್ಮ ಸಾಲು ಕೆಲಸ ಮಾಡಿದೆ.

ಕೋಟ್ಯಧಿಪತಿಯ ಶೀರ್ಷಿಕೆ ಬಿಟ್ಟದ್ದರಿಂದ ನಮ್ಮ ಪೋಸ್ಟರಿನ ಮುಂದೆ ಜನ ಸ್ವಲ್ಪ ಕಡಿಮೆ ನಿಂತಿರಬಹುದು. ನಿಂತವರು ಮಾತ್ರ ರಿಸ್ಕೋಮೀಟರ್ ಎಲ್ಲಿರುತ್ತದೆ ಎಂದು ಕೇಳಿಯೇ ಹೋದರು.